ಒಂದೇ ಅಂಕ ಪಡೆದವರಿಗೆ ರ‍್ಯಾಂಕ್ ಕೊಡುವುದು ಹೇಗೆ?

ಪ್ರಶ್ನೆ: ಎಕ್ಸೆಲ್‌ನಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿ, ಪಕ್ಕದ ಕಾಲಂನಲ್ಲಿ 1, 2, 3 ಎಂದು ರ‍್ಯಾಂಕ್ ತುಂಬಿದೆ. ಆದರೆ ಒಂದೇ ಅಂಕ ಬಂದ ಮೂವರಿಗೆ ಬೇರೆ ಬೇರೆ ರ‍್ಯಾಂಕ್ ಬಿದ್ದಿದೆ. ಒಂದು ವಿಭಾಗವನ್ನಷ್ಟೇ ಫಿಲ್ಟರ್ ಮಾಡಿದರೆ ರ‍್ಯಾಂಕ್ ನಡುವಿನಿಂದ ಶುರುವಾಗುತ್ತದೆ. ಇದನ್ನು ಸರಿಪಡಿಸುವುದು ಹೇಗೆ?

ಉತ್ತರ:

ಸಾರ್ಟ್ ಮಾಡಿದ ಮೇಲೆ 1, 2, 3 ಎಂದು ಎಳೆದು ತುಂಬಿದಾಗ ಸಿಗುವುದು ಸಾಲಿನ ಸಂಖ್ಯೆ ಮಾತ್ರ. ರ‍್ಯಾಂಕ್ ಬೇಕಿದ್ದರೆ, ಆ ವಿದ್ಯಾರ್ಥಿಗಿಂತ ಹೆಚ್ಚು ಅಂಕ ಪಡೆದವರು ಎಷ್ಟು ಮಂದಿ ಎಂದು ಎಣಿಸಿ ಅದಕ್ಕೆ ಒಂದನ್ನು ಕೂಡಿಸಬೇಕು. ಹೀಗೆ ಲೆಕ್ಕ ಹಾಕಿದರೆ ಸಮಾನ ಅಂಕ ಪಡೆದವರಿಗೆ ತಾನಾಗಿಯೇ ಒಂದೇ ರ‍್ಯಾಂಕ್ ಬರುತ್ತದೆ, ಏಕೆಂದರೆ ಅವರೆಲ್ಲರಿಗಿಂತ ಮೇಲಿರುವವರ ಸಂಖ್ಯೆ ಒಂದೇ. ಪಟ್ಟಿಯನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ರ‍್ಯಾಂಕ್ ಲೆಕ್ಕ ಮೊದಲು ಆಗಲಿ, ಸಾರ್ಟ್ ಮಾಡುವುದು ಕೊನೆಗಿರಲಿ.

ನಾನು ಅಂಕಪಟ್ಟಿಗಳನ್ನು ಸಿದ್ಧಪಡಿಸಲು ತೊಡಗಿದ ಮೊದಲ ವರ್ಷ ನೀವು ಮಾಡಿದಂತೆಯೇ ಮಾಡಿದ್ದೆ. ಹೆಸರುಗಳು ಅಕಾರಾದಿಯಾಗಿದ್ದ ಪಟ್ಟಿಯನ್ನು ಒಟ್ಟು ಅಂಕದ ಮೇಲೆ ಸಾರ್ಟ್ ಮಾಡಿದಾಗ, ಸಮಾನ ಅಂಕದವರು ತಮ್ಮೊಳಗೆ ಹಿಂದಿನ ಅಕಾರಾದಿ ಕ್ರಮದಲ್ಲೇ ಉಳಿದಿದ್ದರು. ಗೆಳತಿಯಷ್ಟೇ ಅಂಕ ಪಡೆದ ಹುಡುಗಿಯೊಬ್ಬಳು ತನಗೇಕೆ ಒಂದು ರ‍್ಯಾಂಕ್ ಕಡಿಮೆ ಎಂದು ಕೇಳಿದಳು. ಅವಳ ಹೆಸರಿನ ಮೊದಲ ಅಕ್ಷರ ವರ್ಣಮಾಲೆಯಲ್ಲಿ ನಂತರ ಬರುತ್ತದೆ ಎಂಬುದರ ಹೊರತು ಅದಕ್ಕೆ ಬೇರೆ ಕಾರಣವೇ ಇರಲಿಲ್ಲ. ಅಂದಿನಿಂದ ನಾನು ರ‍್ಯಾಂಕನ್ನು ಕೈಯಿಂದ ತುಂಬಿದ್ದಿಲ್ಲ.

ಎಂಟು ಮಂದಿಯ ಒಂದು ಪಟ್ಟಿಯನ್ನು ಇಟ್ಟುಕೊಂಡು ನೋಡೋಣ. ಕಾಲಂಗಳು A ಯಿಂದ F ವರೆಗೆ ಇದೇ ಕ್ರಮದಲ್ಲಿವೆ. ಮೊದಲ ಸಾಲು ಶೀರ್ಷಿಕೆ, ಅಂಕಗಳು 2ನೇ ಸಾಲಿನಿಂದ 9ನೇ ಸಾಲಿನವರೆಗೆ ಇವೆ.

```
ಕ್ರ.ಸಂ. ವಿಭಾಗ ಭಾಷೆ ಗಣಿತ ವಿಜ್ಞಾನ ಒಟ್ಟು
1   A   78   92   84   254
2   B   88   85   81   254
3   A   90   95   91   276
4   B   70   66   72   208
5   A   85   92   77   254
6   B   94   30   90   214
7   A   61   AB   70   131
8   B   82   80   79   241
```

ಇಲ್ಲಿ ಎರಡು ಸಾಲುಗಳನ್ನು ಮೊದಲು ಗಮನಿಸಬೇಕು. 7ನೇ ವಿದ್ಯಾರ್ಥಿ ಗಣಿತಕ್ಕೆ ಗೈರುಹಾಜರಾಗಿದ್ದರೂ `SUM` ಆ `AB` ಎಂಬ ಅಕ್ಷರಗಳನ್ನು ಸುಮ್ಮನೆ ಬಿಟ್ಟು 131 ಎಂಬ ಒಟ್ಟು ಕೊಡುತ್ತದೆ. 6ನೇ ವಿದ್ಯಾರ್ಥಿಯ ಒಟ್ಟು 214 ಆಗಿದ್ದು 4ನೇ ವಿದ್ಯಾರ್ಥಿಗಿಂತ ಹೆಚ್ಚಿದೆ, ಆದರೆ ಗಣಿತದಲ್ಲಿ ಬಂದಿರುವುದು 30. ಪ್ರತಿ ವಿಷಯದಲ್ಲೂ ಕನಿಷ್ಠ 35 ಬೇಕು ಎಂದಿಟ್ಟುಕೊಂಡರೆ ಇವರಿಬ್ಬರಿಗೂ ರ‍್ಯಾಂಕ್ ಇರಬಾರದು. ಅದಕ್ಕಿಂತ ಮುಖ್ಯವಾಗಿ, ಇವರು ಇತರರ ರ‍್ಯಾಂಕನ್ನು ಕೆಳಕ್ಕೆ ತಳ್ಳಲೂಬಾರದು. ಅದಕ್ಕಾಗಿ G ಕಾಲಂನಲ್ಲಿ ಫಲಿತಾಂಶವನ್ನು ಬರೆಸಿಕೊಳ್ಳಿ:

```
=IF(COUNTIF(C2:E2,">=35")=3,"P","F")
```

`AB` ಸಂಖ್ಯೆಯಲ್ಲವಾದ್ದರಿಂದ ಅದು ಎಣಿಕೆಗೆ ಬರುವುದಿಲ್ಲ, 7ನೇ ವಿದ್ಯಾರ್ಥಿಗೆ ಸರಿಯಾಗಿಯೇ `F` ಬೀಳುತ್ತದೆ. ಇನ್ನು H ಕಾಲಂನಲ್ಲಿ ರ‍್ಯಾಂಕ್:

```
=IF(G2="P",COUNTIFS($G$2:$G$9,"P",$F$2:$F$9,">"&F2)+1,"")
```

ಈ ಸೂತ್ರವನ್ನು ಹಾಗೆಯೇ ಓದಿಕೊಂಡರೆ ಅರ್ಥವಾಗುತ್ತದೆ: ಈ ವಿದ್ಯಾರ್ಥಿ ಉತ್ತೀರ್ಣನಾಗಿದ್ದರೆ, ಉತ್ತೀರ್ಣರಾದವರಲ್ಲಿ ಇವನಿಗಿಂತ ಹೆಚ್ಚು ಒಟ್ಟು ಅಂಕ ಇರುವವರನ್ನು ಎಣಿಸಿ ಒಂದು ಕೂಡಿಸು, ಇಲ್ಲದಿದ್ದರೆ ಖಾಲಿ ಬಿಡು. ಫಲವಾಗಿ 276ಕ್ಕೆ 1, 254 ಪಡೆದ ಮೂವರಿಗೂ 2, 241ಕ್ಕೆ 5, 208ಕ್ಕೆ 6 ಬರುತ್ತದೆ. ಎಕ್ಸೆಲ್‌ನಲ್ಲಿ ಇದಕ್ಕೆಂದೇ `RANK.EQ` ಇದೆ. ಸಮಾನ ಅಂಕಗಳನ್ನು ಅದೂ ಹೀಗೆಯೇ ನೋಡುತ್ತದೆ. ಆದರೆ ಉತ್ತೀರ್ಣರಾದವರನ್ನು ಮಾತ್ರ ಎಣಿಸು ಎಂಬ ಷರತ್ತನ್ನು ಅದಕ್ಕೆ ಹೇಳಲು ಬರುವುದಿಲ್ಲ. 6ನೇ ವಿದ್ಯಾರ್ಥಿಯ 214 ಅನ್ನೂ ಅದು ಲೆಕ್ಕಕ್ಕೆ ಹಿಡಿದು 4ನೇ ವಿದ್ಯಾರ್ಥಿಗೆ 6ರ ಬದಲು 7 ಕೊಡುತ್ತದೆ. ಹಾಗಾಗಿ ಅಂಕಪಟ್ಟಿಗೆ ನಾನು `COUNTIFS` ಅನ್ನೇ ಬಳಸುತ್ತೇನೆ.

ಸೂತ್ರದಲ್ಲಿರುವ ಡಾಲರ್ ಚಿಹ್ನೆಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಸೂತ್ರವನ್ನು ಕೆಳಗೆ ಎಳೆದಂತೆಲ್ಲ ಎಣಿಕೆಯ ವ್ಯಾಪ್ತಿಯೂ ಒಂದೊಂದೇ ಸಾಲು ಕೆಳಗೆ ಜಾರುತ್ತದೆ, ಮೇಲಿನ ಸಾಲುಗಳಲ್ಲಿರುವ ಹೆಚ್ಚು ಅಂಕದವರು ಎಣಿಕೆಯಿಂದ ಹೊರಗುಳಿಯುತ್ತಾರೆ. ಈ ತಪ್ಪನ್ನು ಗುರುತಿಸುವುದು ಸುಲಭ: ಪಟ್ಟಿಯ ಕೊನೆಯ ಸಾಲಿನವನಿಗೆ ಅವನ ಅಂಕ ಎಷ್ಟೇ ಇದ್ದರೂ 1ನೇ ರ‍್ಯಾಂಕ್ ಬಂದಿರುತ್ತದೆ. ಮೇಲಿನ ಪಟ್ಟಿಯಲ್ಲಾದರೆ 241 ಪಡೆದ 8ನೇ ವಿದ್ಯಾರ್ಥಿ ಪ್ರಥಮ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತಾನೆ.

ಮೂವರು 2ನೇ ರ‍್ಯಾಂಕ್ ಹಂಚಿಕೊಂಡ ಮೇಲೆ ಮುಂದಿನವನಿಗೆ 5 ಬರಬೇಕೋ 3 ಬರಬೇಕೋ ಎಂಬುದನ್ನು ಸೂತ್ರ ತೀರ್ಮಾನಿಸುವುದಿಲ್ಲ, ನೀವು ಅಥವಾ ನಿಮ್ಮ ಸಂಸ್ಥೆಯ ನಿಯಮ ತೀರ್ಮಾನಿಸಬೇಕು. ನನ್ನ ಅಭಿಪ್ರಾಯದಲ್ಲಿ 5 ಎಂಬುದೇ ಪ್ರಾಮಾಣಿಕ ಉತ್ತರ, ಏಕೆಂದರೆ 241 ಪಡೆದವನಿಗಿಂತ ಮೇಲೆ ನಿಜವಾಗಿಯೂ ನಾಲ್ವರಿದ್ದಾರೆ. ಆದರೆ ಮೊದಲ ಮೂರು ಸ್ಥಾನಗಳಿಗೆ ಬಹುಮಾನ ಕೊಡುವಾಗ ಈ ಪದ್ಧತಿಯಲ್ಲಿ ಮೂರನೆಯ ಸ್ಥಾನವೇ ಖಾಲಿ ಉಳಿಯುತ್ತದೆ: ರ‍್ಯಾಂಕ್ 3 ಅಥವಾ ಅದಕ್ಕಿಂತ ಮೇಲೆ ಎಂದು ಫಿಲ್ಟರ್ ಹಾಕಿದರೆ ನಾಲ್ಕು ಸಾಲು ಸಿಗುತ್ತವೆ, ಅವುಗಳಲ್ಲಿ 3 ಎಂಬ ಸಂಖ್ಯೆ ಎಲ್ಲೂ ಇರುವುದಿಲ್ಲ. ಸಂಖ್ಯೆ ಬಿಟ್ಟುಹೋಗದಂತೆ 1, 2, 2, 2, 3, 4 ಎಂದೇ ಬೇಕಾದರೆ, ಮಂದಿಯನ್ನು ಎಣಿಸುವ ಬದಲು ಬೇರೆ ಬೇರೆ ಅಂಕಗಳನ್ನು ಎಣಿಸಬೇಕು. ಎಕ್ಸೆಲ್ 2021 ಅಥವಾ 365 ಇದ್ದರೆ ಹೀಗೆ ಬರೆಯಬಹುದು:

```
=IF(G2="P",XMATCH(F2,SORT(UNIQUE(FILTER($F$2:$F$9,$G$2:$G$9="P")),,-1)),"")
```

ಒಳಗಿನಿಂದ ಹೊರಕ್ಕೆ ಓದಿದರೆ, ಉತ್ತೀರ್ಣರ ಒಟ್ಟುಗಳನ್ನು ಆರಿಸಿ, ಪುನರಾವೃತ್ತಿಯನ್ನು ತೆಗೆದು, ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಲ್ಲಿ ಈ ವಿದ್ಯಾರ್ಥಿಯ ಒಟ್ಟು ಎಷ್ಟನೆಯದು ಎಂದು ಹುಡುಕುತ್ತದೆ.

ಕೆಲವೆಡೆ ಸಮಾನ ಅಂಕವನ್ನು ಬಿಡಿಸಲೇಬೇಕೆಂಬ ನಿಯಮವಿರುತ್ತದೆ. ಒಟ್ಟು ಸಮವಾದರೆ ಗಣಿತದಲ್ಲಿ ಹೆಚ್ಚು ಪಡೆದವರು ಮೇಲೆ ಎಂಬ ನಿಯಮವಿದೆ ಎನ್ನೋಣ. ಆಗ ಮೇಲಿರುವವರು ಎರಡು ಬಗೆ: ಒಟ್ಟು ಅಂಕವೇ ಹೆಚ್ಚಿರುವವರು, ಮತ್ತು ಒಟ್ಟು ಸಮವಾಗಿದ್ದು ಗಣಿತ ಹೆಚ್ಚಿರುವವರು. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ ಕೂಡಿಸಿದರಾಯಿತು:

```
=IF(G2="P",1
+COUNTIFS($G$2:$G$9,"P",$F$2:$F$9,">"&F2)
+COUNTIFS($G$2:$G$9,"P",$F$2:$F$9,F2,$D$2:$D$9,">"&D2),"")
```

254 ಪಡೆದ ಮೂವರಲ್ಲಿ 1 ಮತ್ತು 5ನೇ ವಿದ್ಯಾರ್ಥಿಗಳಿಗೆ ಗಣಿತದಲ್ಲಿ 92, 2ನೇ ವಿದ್ಯಾರ್ಥಿಗೆ 85. ಆದ್ದರಿಂದ ಮೊದಲಿಬ್ಬರಿಗೆ ಈಗಲೂ 2, ಮೂರನೆಯವನಿಗೆ 4. ನಿಯಮ ವಿಜ್ಞಾನವನ್ನೂ ನೋಡು ಎನ್ನುವುದಾದರೆ, ಒಟ್ಟು ಮತ್ತು ಗಣಿತ ಎರಡೂ ಸಮವಾಗಿ ವಿಜ್ಞಾನ ಹೆಚ್ಚಿರುವವರನ್ನು ಎಣಿಸುವ ಇನ್ನೊಂದು `COUNTIFS` ಸೇರಿಸಬೇಕು. ಆಗ 84 ಪಡೆದ 1ನೇ ವಿದ್ಯಾರ್ಥಿಗೆ 2, 77 ಪಡೆದ 5ನೇ ವಿದ್ಯಾರ್ಥಿಗೆ 3 ಬರುತ್ತದೆ. ಇಂಥ ನಿಯಮವನ್ನು ಅಂಕಗಳು ಕೈಗೆ ಬರುವ ಮೊದಲೇ ಬರೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಅಂಕಗಳನ್ನು ನೋಡಿದ ಮೇಲೆ ವಿಷಯವನ್ನು ಆರಿಸಿದರೆ ಮೇಲೆ ಬರುವ ವಿದ್ಯಾರ್ಥಿಯನ್ನೇ ಆರಿಸಿದಂತಾಗುತ್ತದೆ: ಇಲ್ಲಿ ಗಣಿತದ ಬದಲು ಭಾಷೆಯನ್ನು ನೋಡಿದ್ದರೆ 88 ಪಡೆದ 2ನೇ ವಿದ್ಯಾರ್ಥಿಯೇ ಮೂವರಲ್ಲಿ ಮುಂದಿರುತ್ತಿದ್ದ.

ಫಿಲ್ಟರ್‌ನ ವಿಷಯಕ್ಕೆ ಬಂದರೆ, ಅದು ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ಲೆಕ್ಕದಿಂದ ತೆಗೆಯುವುದಿಲ್ಲ. `COUNTIFS`, `RANK.EQ` ಎರಡೂ ಮರೆಯಾದ ಸಾಲುಗಳನ್ನು ಎಣಿಸುತ್ತಲೇ ಇರುತ್ತವೆ. ಬಿ ವಿಭಾಗವನ್ನು ಫಿಲ್ಟರ್ ಮಾಡಿದಾಗ 2, 5, 6 ಕಾಣುವುದು ಇದಕ್ಕೇ; ಇಡೀ ತರಗತಿಯ ರ‍್ಯಾಂಕ್ ಆಗಿ ಅದು ಸರಿಯಾಗಿಯೇ ಇದೆ. ವಿಭಾಗದೊಳಗಿನ ರ‍್ಯಾಂಕ್ ಬೇಕಾದರೆ ಅದಕ್ಕೆ I ಕಾಲಂನಲ್ಲಿ ಪ್ರತ್ಯೇಕ ಜಾಗ ಕೊಟ್ಟು, ಎಣಿಕೆಗೆ ವಿಭಾಗದ ಷರತ್ತನ್ನೂ ಸೇರಿಸಿ:

```
=IF(G2="P",COUNTIFS($B$2:$B$9,B2,$G$2:$G$9,"P",$F$2:$F$9,">"&F2)+1,"")
```

ಈಗ ಬಿ ವಿಭಾಗದಲ್ಲಿ 2ನೇ ವಿದ್ಯಾರ್ಥಿಗೆ 1, 8ನೆಯವನಿಗೆ 2, 4ನೆಯವನಿಗೆ 3 ಬರುತ್ತದೆ. ಫಿಲ್ಟರ್ ಇದ್ದರೂ ತೆಗೆದರೂ ಈ ಸಂಖ್ಯೆಗಳು ಹಾಗೆಯೇ ಇರುತ್ತವೆ.

ಒಟ್ಟು ಅಂಕದ ಬದಲು ಸರಾಸರಿ ಅಥವಾ ಶೇಕಡಾವಾರಿನ ಮೇಲೆ ರ‍್ಯಾಂಕ್ ಕೊಡುವುದಾದರೆ ಒಂದು ಎಚ್ಚರಿಕೆ ಬೇಕು. 84.666 ಮತ್ತು 84.674 ಎರಡೂ ಪರದೆಯ ಮೇಲೆ 84.67 ಎಂದೇ ಕಾಣುತ್ತವೆ, ಆದರೆ ಸೂತ್ರ ನೋಡುವುದು ಸೆಲ್‌ನ ಒಳಗಿನ ಸಂಖ್ಯೆಯನ್ನು. ಅಚ್ಚಾದ ಪಟ್ಟಿಯಲ್ಲಿ ಒಂದೇ ಅಂಕಕ್ಕೆ ಎರಡು ರ‍್ಯಾಂಕ್ ಕಂಡರೆ ಕಾರಣವನ್ನು ಇಲ್ಲಿ ಹುಡುಕಿ. ಎರಡು ದಶಮಾಂಶದವರೆಗೆ ಮಾತ್ರ ಲೆಕ್ಕ ಎಂಬುದು ನಿಮ್ಮ ನಿಯಮವಾದರೆ ಆ ಕಾಲಂನ ಸೂತ್ರವನ್ನೇ `ROUND(…,2)` ಒಳಗೆ ಇಡಿ. ಸೆಲ್‌ನ ಫಾರ್ಮ್ಯಾಟ್ ಬದಲಿಸಿದರೆ ಸಾಲದು.

ಕೊನೆಯದಾಗಿ ಸಾರ್ಟ್. ಒಂದು ಕಾಲಂ ಅನ್ನು ಮಾತ್ರ ಆಯ್ದುಕೊಂಡು ಸಾರ್ಟ್ ಒತ್ತಿದರೆ ಎಕ್ಸೆಲ್ ಒಂದು ಎಚ್ಚರಿಕೆ ತೋರಿಸುತ್ತದೆ. ಅಲ್ಲಿ `Continue with the current selection` ಆರಿಸಿದರೆ ಆ ಕಾಲಂನ ಅಂಕಗಳು ಮಾತ್ರ ಜಾಗ ಬದಲಿಸಿ ಒಬ್ಬರ ಅಂಕ ಇನ್ನೊಬ್ಬರ ಮುಂದೆ ಕೂರುತ್ತದೆ. ಒಟ್ಟು ಮತ್ತು ರ‍್ಯಾಂಕ್ ತಾವಾಗಿಯೇ ಹೊಸದಾಗಿ ಲೆಕ್ಕವಾಗುವುದರಿಂದ ಪಟ್ಟಿಯನ್ನು ನೋಡಿದರೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಪಟ್ಟಿಯ ಒಳಗಿನ ಯಾವುದಾದರೂ ಒಂದೇ ಸೆಲ್ ಮೇಲೆ ನಿಂತು `Data` ಅಡಿಯಲ್ಲಿರುವ `Sort` ತೆರೆಯಿರಿ. ಮೊದಲ ಹಂತಕ್ಕೆ H ಕಾಲಂ ಏರಿಕೆ ಕ್ರಮದಲ್ಲಿ, `Add Level` ಒತ್ತಿ ಎರಡನೇ ಹಂತಕ್ಕೆ A ಕಾಲಂ ಏರಿಕೆ ಕ್ರಮದಲ್ಲಿ ಕೊಡಿ. ಸಮಾನ ರ‍್ಯಾಂಕಿನವರು ಕ್ರಮಸಂಖ್ಯೆಯ ಪ್ರಕಾರ ನಿಲ್ಲುತ್ತಾರೆ, ರ‍್ಯಾಂಕ್ ಇಲ್ಲದವರು ತಾವಾಗಿಯೇ ಕೆಳಗೆ ಹೋಗುತ್ತಾರೆ.

ಪಟ್ಟಿಯನ್ನು ಹೊರಗೆ ಕೊಡುವ ಮೊದಲು H ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿ. ಮಂದಿಯನ್ನು ಎಣಿಸುವ ಪದ್ಧತಿಯಲ್ಲಿ ಯಾವುದೇ ರ‍್ಯಾಂಕಿಗೆ ಅದನ್ನು ಹಂಚಿಕೊಂಡವರ ಸಂಖ್ಯೆಯನ್ನು ಕೂಡಿಸಿದರೆ ಮುಂದಿನ ರ‍್ಯಾಂಕ್ ಬರಬೇಕು: 1ನೇ ರ‍್ಯಾಂಕಿನಲ್ಲಿ ಒಬ್ಬರು, ಆದ್ದರಿಂದ ಮುಂದಿನದು 2, 2ರಲ್ಲಿ ಮೂವರು, ಆದ್ದರಿಂದ ಮುಂದಿನದು 5. ಎಲ್ಲಾದರೂ ಈ ಲೆಕ್ಕ ತಪ್ಪಿದ್ದರೆ ಆ ಸಾಲಿನ ಸೂತ್ರದ ವ್ಯಾಪ್ತಿಯನ್ನೂ G ಕಾಲಂನ ಫಲಿತಾಂಶವನ್ನೂ ತೆರೆದು ನೋಡಿ.