ಸಭೆಯಲ್ಲಿ ಕೇಳಿದ ಕೆಲಸ ಅಂದಾಜುಪಟ್ಟಿಗೆ ಹೋಗುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ಮುಂದಿನ ಬಜೆಟ್‌ಗಾಗಿ ನಮ್ಮ ವಾರ್ಡ್‌ನಲ್ಲಿ ನಿವಾಸಿಗಳ ಸಭೆ ನಡೆಯಿತು. 46 ಜನ ಬಂದಿದ್ದೆವು. ಬಸ್ ನಿಲ್ದಾಣದಿಂದ ಸರ್ಕಾರಿ ಶಾಲೆಯವರೆಗಿನ ಪಾದಚಾರಿ ಮಾರ್ಗಕ್ಕೆ ಎಲ್ಲಕ್ಕಿಂತ ಹೆಚ್ಚು ಮತ ಬಿತ್ತು. ಕಳೆದ ವರ್ಷವೂ ಅದನ್ನೇ ಕೇಳಿದ್ದೆವು. ಆದರೆ ಬಜೆಟ್‌ನಲ್ಲಿ ‘ವಾರ್ಡ್‌ನ ವಿವಿಧ ರಸ್ತೆಗಳ ಅಭಿವೃದ್ಧಿ’ ಎಂಬ ಒಂದು ಸಾಲು ಮಾತ್ರ ಕಂಡಿತು, ಹಣ ಬೇರೆ ಬೀದಿಯ ಡಾಂಬರಿಗೆ ಹೋಯಿತು. ಈ ಸಲ ಸಭೆಯ ಸಾರಾಂಶ ಬರೆಯುವ ಹೊಣೆ ನನ್ನ ಮೇಲಿದೆ. ಹೇಗೆ ಬರೆಯಲಿ?
– ಓದುಗರು, ಬೆಂಗಳೂರು

ಉತ್ತರ: ಕಳೆದ ವರ್ಷದ ಸಾರಾಂಶವನ್ನು ಒಮ್ಮೆ ತೆರೆದು ನೋಡಿ. ‘ಶಾಲೆಯ ರಸ್ತೆಯ ಪಾದಚಾರಿ ಮಾರ್ಗ ಸರಿಪಡಿಸಬೇಕು’ ಎಂದಷ್ಟೇ ಇದ್ದರೆ, ತಪ್ಪಿದ್ದು ಅಲ್ಲಿಯೇ. ಅಂತಹ ಸಾಲಿಗೆ ಎಂಜಿನಿಯರ್ ಬೆಲೆ ಕಟ್ಟಲಾರರು. ಅಂದಾಜುಪಟ್ಟಿ ಎಂಬುದು ಅಳತೆಯನ್ನು ದರದಿಂದ ಗುಣಿಸಿ ಬರುವ ಲೆಕ್ಕ. ಅಳತೆಯೇ ಇಲ್ಲದ ಬೇಡಿಕೆಯನ್ನು ಅವರು ಒಂದು ದೊಡ್ಡ ಶೀರ್ಷಿಕೆಯೊಳಗೆ ಸೇರಿಸಿ ಮುಂದಕ್ಕೆ ಹೋಗುತ್ತಾರೆ. ‘ವಿವಿಧ ರಸ್ತೆಗಳು’ ಎಂಬ ಪದ ಹುಟ್ಟುವುದು ಹೀಗೆ. ಒಮ್ಮೆ ಆ ಪದ ಬಂತೆಂದರೆ, ಹಣವನ್ನು ಯಾವ ಬೀದಿಗೆ ಹಾಕಿದರೂ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ನಿಮ್ಮ ಸಾರಾಂಶ ಸಭೆಯ ವರದಿಯಾಗಿ ನಿಂತರೆ ಸಾಲದು. ಜನ ಆಡಿದ ಮಾತಿನಿಂದ ರೂಪಾಯಿಯವರೆಗಿನ ದಾರಿಯನ್ನು ಅದು ತೋರಿಸಬೇಕು. ಪಾಲಿಕೆಯ ಬಜೆಟ್ ಸಿದ್ಧವಾಗುವುದು ಏಪ್ರಿಲ್‌ಗೆ ಮುಂಚೆ. ಹೀಗಾಗಿ ಈ ಕೆಲಸವನ್ನು ಡಿಸೆಂಬರ್, ಜನವರಿಯಲ್ಲೇ ಮುಗಿಸಿಕೊಳ್ಳಿ.

ಮೊದಲು ಜನರ ಮಾತನ್ನು ಅವರು ಹೇಳಿದಂತೆಯೇ ಬರೆದಿಡಿ. ‘ಚಪ್ಪಡಿ ಒಡೆದಿದೆ, ಮಕ್ಕಳು ರಸ್ತೆಗಿಳಿದು ನಡೆಯುತ್ತಾರೆ’ ಎಂದು ಒಬ್ಬ ತಾಯಿ ಹೇಳಿದ್ದರೆ, ಅದನ್ನು ‘ಪಾದಚಾರಿ ಮೂಲಸೌಕರ್ಯದ ಕೊರತೆ’ ಎಂದು ತಿದ್ದಬೇಡಿ. ಆ ತಾಯಿಯ ವಾಕ್ಯದಲ್ಲಿ ದೋಷ ಯಾವುದು, ಅದರಿಂದ ಯಾರಿಗೆ ತೊಂದರೆ ಎಂಬ ಎರಡೂ ಇವೆ. ತಿದ್ದಿದ ವಾಕ್ಯದಲ್ಲಿ ಎರಡೂ ಉಳಿಯುವುದಿಲ್ಲ. ಮುಂದೆ ಯಾರಾದರೂ ಆ ಹಣದಲ್ಲಿ ಹಳೆಯ ಚಪ್ಪಡಿಯನ್ನು ಬಿಟ್ಟು ಬಣ್ಣದ ಇಂಟರ್‌ಲಾಕ್ ಇಟ್ಟಿಗೆ ಹಾಸಲು ಹೊರಟಾಗ, ಕೇಳಿದ್ದು ಇದಲ್ಲ ಎಂದು ತೋರಿಸಲು ನಿಮಗೆ ಉಳಿಯುವ ಆಧಾರ ಆ ಮಾತೊಂದೇ.

ಮತದ ಸಂಖ್ಯೆಯ ಜೊತೆಗೆ ಸಭೆ ನಡೆದ ದಿನ, ಹೊತ್ತು, ಬಂದವರು ಯಾವ ಬೀದಿಯವರು ಎಂಬುದನ್ನೂ ಬರೆಯಿರಿ. ಶನಿವಾರ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಮನೆಗೆಲಸದವರು, ಬೀದಿ ವ್ಯಾಪಾರಿಗಳು ಬರಲಾರರು. ಆಗ ಆದ್ಯತೆಯ ಪಟ್ಟಿ ವಾರ್ಡ್‌ನದಾಗಿರುವುದಿಲ್ಲ, ಆ ಕೋಣೆಯಲ್ಲಿ ಕುಳಿತವರದಾಗಿರುತ್ತದೆ. ನಿವಾಸಿಗಳೇ ಸಭೆ ಸೇರಿ ಬಜೆಟ್‌ನ ಆದ್ಯತೆ ಹೇಳುವ ಈ ಪದ್ಧತಿ ಬ್ರೆಜಿಲ್‌ನ ಪೋರ್ತು ಅಲೆಗ್ರೆ ನಗರದಲ್ಲಿ 1989ರಲ್ಲಿ ಶುರುವಾಯಿತು. ಅಲ್ಲಿ ಹಣ ಹಂಚುವಾಗ ನಿವಾಸಿಗಳ ಆದ್ಯತೆಯ ಜೊತೆಗೆ ಆ ಪ್ರದೇಶದ ಜನಸಂಖ್ಯೆಗೂ ಅಲ್ಲಿ ಸೌಕರ್ಯದ ಕೊರತೆ ಎಷ್ಟಿದೆ ಎಂಬುದಕ್ಕೂ ಅಂಕ ಕೊಡುತ್ತಿದ್ದರು. ನೀವು ಅಂಕ ಕೊಡಬೇಕಾಗಿಲ್ಲ. ಆದರೆ ‘ಕೊಳೆಗೇರಿಯ ಬೀದಿಗಳಿಂದ ಯಾರೂ ಬಂದಿರಲಿಲ್ಲ’ ಎಂದು ಒಂದು ಸಾಲು ಬರೆದು, ಒಂದು ಸಂಜೆ ಅಲ್ಲಿಗೇ ಹೋಗಿ ಕೇಳಿಬಂದದ್ದನ್ನು ಬೇರೆಯಾಗಿ ಸೇರಿಸಿ.

ಅದಾದ ಮೇಲೆ ಸ್ಥಳಕ್ಕೆ ಹೋಗಬೇಕು. ವಾರ್ಡ್‌ನ ಸಹಾಯಕ ಎಂಜಿನಿಯರ್ ಅವರನ್ನು ಕರೆದುಕೊಂಡು, ಟೇಪು ಹಿಡಿದು ನಡೆಯಿರಿ. ನಿಮ್ಮ ಶಾಲೆಯ ದಾರಿಯನ್ನೇ ತೆಗೆದುಕೊಳ್ಳೋಣ. ಅಳತೆಯನ್ನು ನಾನು ಇಲ್ಲಿ ಊಹಿಸಿಕೊಳ್ಳುತ್ತೇನೆ, ನೀವು ನಿಜವಾದದ್ದನ್ನು ಹಾಕಿಕೊಳ್ಳಿ. ಒಟ್ಟು ಉದ್ದ 240 ಮೀಟರ್ ಎಂದುಕೊಳ್ಳಿ. ನಡೆದು ನೋಡಿದರೆ ಅದರಲ್ಲಿ 60 ಮೀಟರ್ ಚೆನ್ನಾಗಿಯೇ ಇದೆ. 150 ಮೀಟರ್‌ನಲ್ಲಿ ಚರಂಡಿಯ ಮೇಲಿನ ಚಪ್ಪಡಿಗಳು ಒಡೆದಿವೆ, ಕೆಲವು ಕಡೆ ಇಲ್ಲವೇ ಇಲ್ಲ. ಉಳಿದ 30 ಮೀಟರ್‌ನಲ್ಲಿ ಚಪ್ಪಡಿಗೆ ಏನೂ ಆಗಿಲ್ಲ, ಆದರೆ ಟ್ರಾನ್ಸ್‌ಫಾರ್ಮರ್ ದಾರಿಗೆ ಅಡ್ಡ ನಿಂತಿದೆ. ಒಂದು ಬೇಡಿಕೆ ಎಂದು ಮತ ಹಾಕಿದ್ದು ಸ್ಥಳದಲ್ಲಿ ಎರಡು ಕೆಲಸವಾಯಿತು.

ಈ ಎರಡನ್ನೂ ಕೂಡಿಸಿ ಬರೆದರೆ ಎರಡೂ ಕೆಡುತ್ತವೆ. ಚಪ್ಪಡಿ ಪಾಲಿಕೆಯ ಕೆಲಸ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಅದನ್ನು ಸರಿಸಲು ಕೇಳುವವರು ಹಣ ಕಟ್ಟಿದ ಮೇಲೆಯೇ ಅವರು ಕೈ ಹಾಕುತ್ತಾರೆ. ಬೆಂಗಳೂರಿನಲ್ಲಿ ಕುಡಿಯುವ ನೀರು, ಒಳಚರಂಡಿಗಳೂ ಹೀಗೆಯೇ, ಅವು ಜಲಮಂಡಳಿಯ ಪಾಲು. ‘ನೀರಿನ ಒತ್ತಡ ಕಡಿಮೆ’ ಎಂಬ ಬೇಡಿಕೆಗೆ ಎಷ್ಟೇ ಮತ ಬಿದ್ದರೂ ಪಾಲಿಕೆಯ ಬಜೆಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ಪಟ್ಟಿಯಿಂದ ಅಳಿಸಬೇಡಿ; ‘ಜಲಮಂಡಳಿಗೆ ಪತ್ರ, ದಿನಾಂಕ ಇಂಥದ್ದು’ ಎಂದು ಬರೆದು ಮುಂದಿನ ಸಭೆಯವರೆಗೆ ಜೀವಂತವಾಗಿಡಿ. ಉರಿಯದ ಬೀದಿದೀಪ, ಹೂಳು ತುಂಬಿದ ಚರಂಡಿಗಳಂಥವು ದೂರುಗಳು. ನಿರ್ವಹಣೆಯ ಹಣದಲ್ಲಿ ಈ ತಿಂಗಳೇ ಆಗಬೇಕಾದ ಕೆಲಸವನ್ನು ಮುಂದಿನ ವರ್ಷದ ಆದ್ಯತೆಯಾಗಿ ಬರೆದರೆ, ಅದನ್ನು ಒಂದು ವರ್ಷ ಮುಂದೂಡಲು ನೀವೇ ಒಪ್ಪಿದಂತಾಗುತ್ತದೆ.

ಈಗ 150 ಮೀಟರ್‌ನ ಲೆಕ್ಕ. ಎಂಜಿನಿಯರ್ ಸರ್ಕಾರದ ಅಧಿಕೃತ ದರಪಟ್ಟಿಯಿಂದ ದರಗಳನ್ನು ತೆಗೆದುಕೊಳ್ಳುತ್ತಾರೆ. ಇಲ್ಲಿ ನಾನು ಹಾಕುವ ದರಗಳು ಲೆಕ್ಕದ ಕ್ರಮ ತೋರಿಸಲು ಮಾತ್ರ. ಅಗಲ ಒಂದೂವರೆ ಮೀಟರ್ ಆದರೆ 225 ಚದರ ಮೀಟರ್ ಚಪ್ಪಡಿ ಬೇಕು. ಚದರ ಮೀಟರ್‌ಗೆ 2,000 ರೂಪಾಯಿಯಂತೆ 4,50,000. ಹಳೆಯದನ್ನು ಕಿತ್ತು ಚರಂಡಿಯ ಹೂಳೆತ್ತಲು 90,000. ಅಂಚುಗಲ್ಲಿಗೆ 1,05,000. ಎರಡು ತುದಿಗೆ ಇಳಿಜಾರು ಮಾಡಲು 25,000, ಅವಶೇಷ ಸಾಗಿಸಲು 30,000. ಒಟ್ಟು 7 ಲಕ್ಷ. ಇದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,26,000, ಆಕಸ್ಮಿಕ ವೆಚ್ಚಕ್ಕೆ ಶೇಕಡಾ 3ರಂತೆ 21,000. ಕೊನೆಗೆ ಬರುವುದು 8,47,000 ರೂಪಾಯಿ.

ಸಭೆಯಲ್ಲಿ ಯಾರೋ ‘ನಾಲ್ಕೈದು ಲಕ್ಷದಲ್ಲಿ ಮುಗಿಯುತ್ತದೆ’ ಎಂದಿರುತ್ತಾರೆ. ಅವರ ಮನಸ್ಸಿನಲ್ಲಿದ್ದದ್ದು ಚಪ್ಪಡಿಯ ಬೆಲೆ ಮಾತ್ರ, ಅಷ್ಟರ ಮಟ್ಟಿಗೆ ಅದು ಸರಿಯೇ. ಉಳಿದದ್ದು ಹೂಳು, ಅಂಚುಗಲ್ಲು, ಸಾಗಾಣಿಕೆ, ತೆರಿಗೆಗಳಿಂದ ಬಂತು. ಈ ವ್ಯತ್ಯಾಸವನ್ನು ಸಾರಾಂಶದಲ್ಲಿ ಬಿಡಿಸಿ ಬರೆಯದಿದ್ದರೆ, ಮುಂದಿನ ಸಭೆಯಲ್ಲಿ ಅದೇ ಮೊತ್ತ ಜನರ ಅನುಮಾನಕ್ಕೆ ಕಾರಣವಾಗುತ್ತದೆ.

ನಿಜವಾದ ಅನುಮಾನ ಪಡಬೇಕಾದ ಕಡೆ ಬೇರೆ. ಅಂದಾಜುಪಟ್ಟಿಯಲ್ಲಿ ಅಳತೆಯಿಲ್ಲದೆ ‘ಒಟ್ಟಾರೆ ಮೊತ್ತ’ ಎಂದು ಬಂದ ಸಾಲುಗಳಿದ್ದರೆ ಅವು ಯಾವ ಕೆಲಸಕ್ಕೆ ಎಂದು ಕೇಳಿ. ಅಂಚುಗಲ್ಲಿನ ಉದ್ದ 150 ಮೀಟರ್ ಬದಲು 240 ಎಂದಿದ್ದರೆ, ಚೆನ್ನಾಗಿರುವ ಭಾಗವನ್ನೂ ಸೇರಿಸಲಾಗಿದೆ. ಮೊತ್ತವನ್ನು ಎರಡು ಮೂರು ಭಾಗ ಮಾಡಿದ್ದರೆ, ಟೆಂಡರ್ ತಪ್ಪಿಸುವ ತುಂಡು ಗುತ್ತಿಗೆಯ ಲಕ್ಷಣ ಅದು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು: ನಿಮ್ಮ 8 ಲಕ್ಷದ ಕೆಲಸವನ್ನು ಕೋಟಿಗಟ್ಟಲೆಯ ಒಂದು ಪ್ಯಾಕೇಜಿಗೆ ಸೇರಿಸಿದರೆ, ಗುತ್ತಿಗೆದಾರರು ದೊಡ್ಡ ರಸ್ತೆಯನ್ನು ಮೊದಲು ಮುಗಿಸುತ್ತಾರೆ, ಶಾಲೆಯ ದಾರಿ ಕೊನೆಗೆ ಉಳಿಯುತ್ತದೆ.

ವಾರ್ಡ್‌ಗೆ ಸಿಗುವ ಹಣ ಎಲ್ಲ ಬೇಡಿಕೆಗೂ ಸಾಲುವುದಿಲ್ಲ. ಹಿಂದಿನ ವರ್ಷದ ಮುಗಿಯದ ಕಾಮಗಾರಿ, ಬಾಕಿ ಬಿಲ್ಲುಗಳು ಮೊದಲು ಅದರಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಎಷ್ಟು ಉಳಿದಿದೆ ಎಂದು ವಾರ್ಡ್ ಸಮಿತಿಯಲ್ಲಿ ಕೇಳಿ, ಆ ಸಂಖ್ಯೆಯನ್ನು ಸಾರಾಂಶದ ಮೇಲ್ಭಾಗದಲ್ಲೇ ಬರೆಯಿರಿ. 20 ಲಕ್ಷ ಉಳಿದಿದೆ, ಮತದಲ್ಲಿ ಎರಡನೆಯ ಸ್ಥಾನಕ್ಕೆ ಬಂದ ಉದ್ಯಾನದ ಕೆಲಸಕ್ಕೇ 14 ಲಕ್ಷ ಬೇಕು ಎಂದಾದರೆ, ಎರಡೂ ಪೂರ್ತಿಯಾಗಿ ಆಗುವುದಿಲ್ಲ. ಆಗ ಏನನ್ನು ಕಡಿತ ಮಾಡಿದರು, ಯಾರು ಒಪ್ಪಿದರು ಎಂಬುದೇ ಸಾರಾಂಶದ ಅತಿ ಮುಖ್ಯ ಸಾಲು. ‘ಉದ್ಯಾನದ ನಡಿಗೆ ಪಥ ಈ ವರ್ಷ, ಆಟಿಕೆಗಳು ಮುಂದಿನ ವರ್ಷ, ಸಭೆ ಕೈ ಎತ್ತಿ ಒಪ್ಪಿದೆ’ ಎಂದು ಬರೆಯಿರಿ. ಕಡಿತ ಕಚೇರಿಯಲ್ಲಿ ಆಗಿದ್ದರೆ ಹಾಗೆಂದೇ ಬರೆಯಿರಿ. ಸಾರಾಂಶಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ: ಗೆದ್ದ ಬೇಡಿಕೆಗಳು ಇರುತ್ತವೆ, ಬಿಟ್ಟದ್ದಕ್ಕೆ ಕಾರಣ ಇರುವುದಿಲ್ಲ. ಕೇಳಿದವರು ಮರುವರ್ಷ ಬರದಿರಲು ಅದೊಂದೇ ಸಾಕು.

ಹೀಗೆ ಬೆಲೆ ಕಟ್ಟಿದ ಸಾಲು ಕೊನೆಗೆ ಈ ರೂಪದಲ್ಲಿರಲಿ: ‘ಬಸ್ ನಿಲ್ದಾಣದಿಂದ ಸರ್ಕಾರಿ ಶಾಲೆಯ ದ್ವಾರದವರೆಗೆ, ರಸ್ತೆಯ ಎಡಬದಿ, ಒಡೆದ 150 ಮೀಟರ್ ಉದ್ದಕ್ಕೆ ಚರಂಡಿ ಚಪ್ಪಡಿ ಬದಲಾವಣೆ, ಹೂಳೆತ್ತುವಿಕೆ ಹಾಗೂ ಅಂಚುಗಲ್ಲು ಸಹಿತ, ಅಂದಾಜು 8.47 ಲಕ್ಷ.’ ಕ್ರಿಯಾಯೋಜನೆಗೂ ಟೆಂಡರ್ ಪ್ರಕಟಣೆಗೂ ಇದೇ ಹೆಸರು ಹೋಗಬೇಕೆಂದು ಸಭೆಯ ನಡಾವಳಿಯಲ್ಲಿ ಸೇರಿಸಿ ಅಧ್ಯಕ್ಷರ ಸಹಿ ಪಡೆಯಿರಿ. ಹೆಸರು ಬದಲಾದ ಕ್ಷಣದಿಂದ ಕೆಲಸವನ್ನು ಹಿಂಬಾಲಿಸುವುದು ಕಷ್ಟ. ಪಕ್ಕದಲ್ಲಿ ಮೂರು ಖಾಲಿ ಜಾಗ ಬಿಡಿ: ಆಡಳಿತಾತ್ಮಕ ಅನುಮೋದನೆಯ ದಿನಾಂಕ, ತಾಂತ್ರಿಕ ಮಂಜೂರಾತಿಯ ದಿನಾಂಕ, ಕಾಮಗಾರಿ ಸಂಖ್ಯೆ. ಬಜೆಟ್‌ನಲ್ಲಿ ಹೆಸರು ಬಂದಿತೆಂದು ನಿರಾಳರಾಗಬೇಡಿ. ಈ ಮೂರೂ ತುಂಬುವವರೆಗೆ ಅದು ಕೆಲಸವಾಗಿರುವುದಿಲ್ಲ. ಕಚೇರಿ ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅಂದಾಜುಪಟ್ಟಿಯ ಪ್ರತಿ ಕೇಳಿ, ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದ ಪ್ರತಿ ಕೇಳಿ. ಅರ್ಜಿಗೆ ಉತ್ತರಿಸಲು ಅವರಿಗೆ 30 ದಿನವಿದೆ. ಅಳತೆ ಪುಸ್ತಕದಲ್ಲಿ 150 ಮೀಟರ್ ಎಂದಿದ್ದು, ನಿಮ್ಮ ಟೇಪಿಗೆ 120 ಸಿಕ್ಕರೆ, ಬಿಲ್ ಪಾವತಿಗೆ ಮುಂಚೆಯೇ ವಾರ್ಡ್ ಸಮಿತಿಯಲ್ಲಿ ಲಿಖಿತವಾಗಿ ಹೇಳಿ.

ಬರೆದ ಸಾರಾಂಶವನ್ನು ಕಳುಹಿಸುವ ಮುಂಚೆ, ಚಪ್ಪಡಿಯ ವಿಷಯ ಎತ್ತಿದ ಆ ತಾಯಿಗೆ ಓದಿ ಹೇಳಿ. ಬಲಬದಿ ಎಂದು ತಪ್ಪಾಗಿ ಬರೆದಿದ್ದರೆ ಅವರು ಮೊದಲ ಸಾಲಿನಲ್ಲೇ ನಿಲ್ಲಿಸುತ್ತಾರೆ.