ಗರಂ ಮಸಾಲೆಯ ವಿವರಣೆ ಹೇಗಿರಬೇಕು?

«ಮನೆಯಲ್ಲೇ ಮಾಡಿ ಮಾರುವ ಗರಂ ಮಸಾಲೆ ಪೊಟ್ಟಣದ ಮೇಲೆ ಏನು ಬರೆಯಲಿ? ಜೀರ್ಣಕ್ಕೆ ಒಳ್ಳೆಯದು ಅಂತ ಹಾಕಲಾ?»

ಜೀರ್ಣದ ಮಾತು ಬೇಡ, ಬಿಟ್ಟುಬಿಡಿ. ಕೊಳ್ಳುವವರಿಗೆ ಬೇಕಾಗಿರುವುದು ರುಚಿಯ ಗುರುತು, ಅಲ್ವಾ? ತೂಕದಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಿರಿ. ಸುಮ್ನೆ ‘ಇತರೆ ಮಸಾಲೆಗಳು’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

«ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಚಕ್ಕೆ, ಏಲಕ್ಕಿ, ಲವಂಗ. ಹದವಾಗಿ ಹುರಿದು ತರಿತರಿಯಾಗಿ ಪುಡಿ ಮಾಡಿದ್ದು. ಉಪ್ಪು ಹಾಕಿಲ್ಲ. ನಾಲ್ಕು ಜನರ ಪಲ್ಯಕ್ಕೆ ಅರ್ಧ ಚಮಚ, ಒಲೆ ಆರಿಸುವ ಸ್ವಲ್ಪ ಮೊದಲು.»

ತರಿಯಾಗಿದೆ ಅಂತ ಹೇಳಲೇಬೇಕು. ಇಲ್ಲದಿದ್ದರೆ ನುಣ್ಣನೆ ಪುಡಿ ಅಂದುಕೊಂಡು ಮೇಲೆ ಉದುರಿಸಿ, ಬಾಯಿಗೆ ಚಕ್ಕೆಯ ಚೂರು ಸಿಕ್ಕಿತು ಅನ್ನುತ್ತಾರೆ.

ದಿನಾಂಕದಲ್ಲಿ ಒಂದು ಸೂಕ್ಷ್ಮ ಇದೆ. ಪುಡಿ ಮಾಡಿದ ಕ್ಷಣದಿಂದಲೇ ಘಮ ಹಾರಲು ಶುರು. ಹಾಗಾಗಿ ಪೊಟ್ಟಣ ಕಟ್ಟಿದ ದಿನದ ಜೊತೆಗೆ ಪುಡಿ ಮಾಡಿದ ದಿನವನ್ನೂ ಬರೆಯಿರಿ. ಹಳೆಯ ಪುಡಿಗೆ ಹೊಸದನ್ನು ಬೆರೆಸಿದರೆ ಆ ದಿನಾಂಕಕ್ಕೆ ಅರ್ಥವೇ ಇರುವುದಿಲ್ಲ.