ಮೂರು ಡಿಟೆಕ್ಟರ್, ಮೂರು ಅಂಕಿ

ಪ್ರಶ್ನೆ: ಪುಣೆಯಲ್ಲಿ ಓದುವ ನನ್ನ ಮಗಳ ಇಂಗ್ಲಿಷ್ ಪ್ರಬಂಧದ ಒಂದೇ ಪ್ಯಾರಾ ಎಐ ಬರೆದದ್ದೇ ಎಂದು ನೋಡಿದರೆ ಮೂರು ಡಿಟೆಕ್ಟರ್‌ಗಳು ಶೇ 92, ಶೇ 41, ಶೇ 3 ಎನ್ನುತ್ತಿವೆ. ಏನೆಂದು ತಿಳಿಯಬೇಕು?

ಉತ್ತರ: ಬರೆದವರು ಯಾರು ಎಂಬುದು ಈ ಅಂಕಿಗಳಿಂದ ಗೊತ್ತಾಗುವುದಿಲ್ಲ. ಮನುಷ್ಯರೂ ಯಂತ್ರವೂ ಬರೆಯಬಹುದಾದಂಥ ಶೈಲಿ ಅದು ಎಂದಷ್ಟೇ ತಿಳಿಯಿರಿ.

ಡಿಟೆಕ್ಟರ್ ನೋಡುವುದು ಬರಹದ ಮಾದರಿಯನ್ನು ಮಾತ್ರ. ಒಂದು ಪದ ಓದಿದ ಮೇಲೆ ಮುಂದಿನದನ್ನು ಸುಲಭವಾಗಿ ಊಹಿಸಲು ಬಂದರೆ ಹಲವು ಡಿಟೆಕ್ಟರ್‌ಗಳು ಯಂತ್ರದ ಕಡೆ ವಾಲುತ್ತವೆ. ಆದರೆ ಪ್ರತಿಯೊಂದೂ ಕಲಿತ ಬರಹಗಳು ಬೇರೆ, ಮನುಷ್ಯರದ್ದು, ಯಂತ್ರದ್ದು ಎಂದು ಗೆರೆ ಎಳೆದ ಜಾಗ ಬೇರೆ. ಗೆರೆಯ ಆಸುಪಾಸಿನ ಪ್ಯಾರಾ ಒಂದರಲ್ಲಿ ಈಚೆ, ಇನ್ನೊಂದರಲ್ಲಿ ಆಚೆ ಬೀಳುತ್ತದೆ. ಪ್ಯಾರಾ ಚಿಕ್ಕದಾದಷ್ಟೂ ಈ ಏರುಪೇರು ಹೆಚ್ಚು.

ಮೂರರ ಸರಾಸರಿ ತೆಗೆಯಬೇಡಿ, ಬಹುಮತವನ್ನೂ ನಂಬಬೇಡಿ. ಅವು ಹೆಚ್ಚುಕಡಿಮೆ ಒಂದೇ ಬಗೆಯ ಸುಳಿವು ಹುಡುಕುವುದರಿಂದ ತಪ್ಪುವಾಗಲೂ ಒಟ್ಟಿಗೆ ತಪ್ಪಬಹುದು. 2023ರ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಸ್ವತಃ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಅವುಗಳಲ್ಲಿ 18ನ್ನು ಏಳೂ ಸೇರಿ ಯಂತ್ರದ್ದು ಎಂದವು! ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಆಗಿರುವ ನಮ್ಮ ಮಕ್ಕಳು ಕಲಿತ ಸರಳ ವಾಕ್ಯಗಳಲ್ಲೇ ಬರೆಯುತ್ತಾರೆ. ಅದಕ್ಕೇ ಈ ವಿಷಯ ನನ್ನನ್ನು ಕಾಡುತ್ತದೆ.

ಕಾಲೇಜು ಕೇಳಿದರೆ ನಿಮ್ಮ ಮಗಳು ಗೂಗಲ್ ಡಾಕ್ಸ್‌ನಲ್ಲಿರುವ ತಿದ್ದುಪಡಿಗಳ ಇತಿಹಾಸ, ಕೈಬರಹದ ಟಿಪ್ಪಣಿ ತೋರಿಸಲಿ. ಆ ಪ್ಯಾರಾದ ವಾದವನ್ನು ಅಧ್ಯಾಪಕರ ಎದುರು ಬಾಯಲ್ಲಿ ವಿವರಿಸಲಿ.